ಮಾಮಾನ ಕೆಂಪು ಶಾಯಿ ಮತ್ತು ದೂಧಗಂಗೆ

ನಮ್ಮ ಮಾಮಾ ತನ್ನ ಆಯುಷ್ಯದಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ, ಯಾರಿಗೂ ಒಂದು ಬೈಗುಳ ಬೈದವನಲ್ಲ. ಆದರೂ ಅವನು ಎದುರಿಗೆ ಬಂದರೆ ಊರಿನ ಅರ್ಧ ಜನ ಓಣಿ ಬದಲಿಸುತ್ತಿದ್ದರು. ಕಾರಣ ಇಷ್ಟೇ: ಅವನು ಊರ ವಾಚನಾಲಯದ ಗ್ರಂಥಪಾಲಕ, ಮತ್ತು ಆ ಅರ್ಧ ಜನರ ಮನೆಯಲ್ಲಿ ಅವನ ಪುಸ್ತಕಗಳಿದ್ದವು.

ಸದಲಗಾದ ಹತ್ತಿರ, ದೂಧಗಂಗೆಯ ದಂಡೆಯಲ್ಲಿ ನಮ್ಮೂರು. ವಾಚನಾಲಯವೆಂದರೆ ಎರಡು ಕೋಣೆ, ಹನ್ನೊಂದು ಕಪಾಟು, ಒಂದು ಉದ್ದನೆಯ ಮೇಜು. ಊರವರದೇ ಒಂದು ಕಮಿಟಿ ಅದನ್ನು ನಡೆಸುತ್ತಿತ್ತು. ಪುಸ್ತಕ ಒಯ್ದವರು ಹದಿನಾಲ್ಕು ದಿನದಲ್ಲಿ ಮರಳಿಸಬೇಕು. ಹದಿನೈದನೇ ದಿನ ತಂದರೆ ಮಾಮಾ ಏನೂ ಅನ್ನುತ್ತಿರಲಿಲ್ಲ. ನೀಲಿ ಶಾಯಿಯ ಪೆನ್ನಿನ ಟೋಪಿ ಹಾಕಿ, ಕೆಂಪು ಶಾಯಿಯ ಪೆನ್ನಿನ ಟೋಪಿ ತೆಗೆದು, ಮರಳಿಸಿದ ತಾರೀಖನ್ನು ಕೆಂಪಿನಲ್ಲಿ ಬರೆಯುತ್ತಿದ್ದ. ಆ ಟೋಪಿ ತೆಗೆಯುವ ‘ಟಕ್’ ಸಪ್ಪಳಕ್ಕೆ ಹಿರಿಯರ ಬೆವರೂ ಇಳಿಯುತ್ತಿತ್ತು.

ಒಮ್ಮೆ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಹಾಕಲು ಎಲ್ಲರ ಹಾಗೆ ಮಾಮಾನೂ ಸಾಲಿನಲ್ಲಿ ನಿಂತ. ವರನ ತಲೆಯ ಮೇಲೆ ಕಾಳು ಹಾಕಿ, ಬಗ್ಗಿ, ಕಿವಿಯಲ್ಲಿ ಏನೋ ಹೇಳಿ ಇಳಿದು ಬಂದ. ಅದೇ ಗಳಿಗೆಗೆ ಫೋಟೋದವನು ಫೋಟೋ ಹೊಡೆದ. ಇವತ್ತಿಗೂ ಆ ಫೋಟೋ ನೋಡಿದವರು ಹುಡುಗನಿಗೆ ಹೆಣ್ಣು ಒಪ್ಪಿಗೆ ಇರಲಿಲ್ಲವೇನೋ ಅಂದುಕೊಳ್ಳುತ್ತಾರೆ. ಹೆಣ್ಣು ಒಪ್ಪಿಗೆಯಾಗಿಯೇ ಇತ್ತು. ಅವನಿಗೆ ನೆನಪಾದದ್ದು ಎರಡು ಪತ್ತೇದಾರಿ ಕಾದಂಬರಿ.

ಮನೆಯಲ್ಲೂ ಅದೇ ಶಿಸ್ತು. ಬೇಸಿಗೆಯಲ್ಲಿ ಮಾಮಿಯ ಶಾವಿಗೆ ಮಣೆಯನ್ನು ಓಣಿಯವರೆಲ್ಲ ಒಯ್ಯುತ್ತಿದ್ದರು. ಒಂದು ವರ್ಷ ಅದು ಆಷಾಢದ ತನಕ ಮನೆಗೆ ಬರಲಿಲ್ಲ. ಬಂದ ದಿನವೇ ಮಾಮಾ ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ಒಂದು ನಂಬರ್ ಬರೆದು, ಮೊಳೆಗೆ ಒಂದು ವಹಿ ನೇತುಹಾಕಿದ. ಮಾಮಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ನಾಳೆ ನಾ ತವರಮನಿಗೆ ಹೊಂಟ್ರ ನನಗೂ ನಂಬರ್ ಹಾಕಿ, ಹದಿನಾಕ ದಿನದ ಚೀಟಿ ಕೊಡ್ತೀರೇನ್ರಿ?”

ಮಾಮಾ ಈ ಪ್ರಶ್ನೆಯನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: “ನಿನಗ ಬ್ಯಾಡ. ನೀ ನಿಘಂಟು ಇದ್ದಂಗ. ನಿಘಂಟು ಹೊರಗ ಕೊಡೂದಿಲ್ಲ.”

ಮಾಮಿ ಇದನ್ನು ಹೊಗಳಿಕೆ ಎಂದುಕೊಂಡಳೋ ಬೈಗುಳ ಎಂದುಕೊಂಡಳೋ ನನಗೆ ಗೊತ್ತಿಲ್ಲ. ಆವತ್ತು ಸಂಜೆ ಶೇಂಗಾ ಹೋಳಿಗೆ ಮಾಡಿದ್ದಳು.

ಇಂಥ ಮಾಮಾ ಎಂಬತ್ತರ ದಶಕದ ಕೊನೆಯಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದ. ಬೆಳಗಾವಿಯಲ್ಲಿ ನಾಲ್ಕು ದಿನದ ತರಬೇತಿಗೆ ಹೋಗಿ ಬಂದವನು, ಇನ್ನು ಮೇಲೆ ನಮ್ಮಲ್ಲೂ ಕಾರ್ಡು ಪದ್ಧತಿ ಎಂದ. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಒಂದು ಕಾಗದದ ಕಿಸೆ, ಅದರಲ್ಲಿ ಆ ಪುಸ್ತಕದ ಕಾರ್ಡು. ಪ್ರತಿ ಓದುಗನಿಗೆ ಎರಡು ಟಿಕೆಟು. ಪುಸ್ತಕ ಒಯ್ಯುವಾಗ ಕಾರ್ಡನ್ನು ಟಿಕೆಟಿನಲ್ಲಿ ಸಿಕ್ಕಿಸಿ, ಮರಳಿಸಬೇಕಾದ ತಾರೀಖಿನ ಹಿಂದೆ ನಿಲ್ಲಿಸಿಟ್ಟರೆ ಮುಗಿಯಿತು. ಯಾರದು ತಡ ಎಂದು ಹುಡುಕುವುದೇ ಬೇಡ, ತಾರೀಖು ದಾಟಿದ ಕಟ್ಟು ತಾನೇ ಕಣ್ಣಿಗೆ ಬೀಳುತ್ತದೆ.

ಆದರೆ ಟಿಕೆಟು ಯಾರಿಗೆ ಕೊಡುವುದು? ಅದಕ್ಕೆ ಮಾಮಾ ಒಂದು ನಿಯಮ ಮಾಡಿ ಕಮಿಟಿಯಿಂದ ಒಪ್ಪಿಗೆ ಪಡೆದ. ಹಿಂದಿನ ರಿಜಿಸ್ಟರುಗಳಲ್ಲಿ ಯಾವುದೇ ಒಂದು ವರ್ಷ ಮೂರು ಸಲ ಕೆಂಪು ಬಿದ್ದವರಿಗೆ ಟಿಕೆಟಿಲ್ಲ. ಅವರ ಹೆಸರು ಬಾಗಿಲಿಗೆ.

ಹನ್ನೆರಡು ವರ್ಷದ ಹನ್ನೆರಡು ರಿಜಿಸ್ಟರು. ಅವುಗಳಲ್ಲಿ ಎಲ್ಲವೂ ಕೊಟ್ಟ ತಾರೀಖಿನ ಸಾಲಿನಲ್ಲಿ. ಒಂದು ಸಾಲಿನಲ್ಲಿ ಕೊಟ್ಟ ತಾರೀಖು, ಪುಸ್ತಕದ ನಂಬರು, ಓದುಗನ ನಂಬರು, ಮರಳಿಸಬೇಕಾದ ತಾರೀಖು, ಮರಳಿಸಿದ ತಾರೀಖು, ಓದುಗನ ಸಹಿ, ಕೊನೆಗೆ ‘ಷರಾ’ ಎಂಬ ಕಾಲಂ. ಷರಾ ಅಂದರೆ ಹಾಳೆ ಹರಿದಿದ್ದರೆ, ಚಹಾ ಚೆಲ್ಲಿದ್ದರೆ ಬರೆಯುವ ಜಾಗ. ಈ ಸಾಲುಗಳನ್ನೆಲ್ಲ ಬಿಡಿಸಿ, ಒಬ್ಬ ಓದುಗನಿಗೆ ಒಂದು ಹಾಳೆಯಂತೆ ಮತ್ತೆ ಬರೆಯಬೇಕು. ಹಾಗೆ ಬರೆದರೆ ಮಾತ್ರ ಯಾರಿಗೆ ಎಷ್ಟು ಕೆಂಪು ಎಂದು ಗೊತ್ತಾಗುವುದು.

ನಾನು ಆಗ ಊರ ಹಾಲಿನ ಡೈರಿಯಲ್ಲಿ ಕಾರಕೂನ. ರವಿವಾರ ಮಧ್ಯಾಹ್ನ ಖಾಲಿ ಇರುತ್ತಿದ್ದೆ. ಖಾಲಿ ಇರುವ ಸೋದರಳಿಯ ಮಾಮಾನ ಕಣ್ಣಿಗೆ ಬಿದ್ದರೆ ಏನಾಗುತ್ತದೆ? ನಾನು ಸಾಲು ಓದಿ ಹೇಳಬೇಕು, ಅವನು ಹಾಳೆಯಲ್ಲಿ ಬರೆಯಬೇಕು. ನೂರಾ ಹದಿನಾಲ್ಕನೇ ಓದುಗ, ಕೊಟ್ಟದ್ದು ಇಂಥ ದಿನ, ಬಂದದ್ದು ಇಂಥ ದಿನ. ಎರಡು ತಿಂಗಳು ಹೀಗೆ ನಡೆಯಿತು. ನನಗೆ ಕನಸಿನಲ್ಲೂ ತಾರೀಖುಗಳೇ ಬೀಳತೊಡಗಿದವು.

ಒಂದು ರವಿವಾರ ನಾನು ಓದುತ್ತಿದ್ದಂತೆ ಮಾಮಾನ ಕೆಂಪು ಪೆನ್ನು ನಿಂತಿತು.

“ಮತ್ತೊಮ್ಮೆ ಹೇಳು.”

“ಮರಳಿಸಿದ್ದು ಆಗಸ್ಟ್ ಹದಿನಾರು.”

“ಹಿಂದಿನ ಹಾಳಿ?”

ಅದೂ ಆಗಸ್ಟ್ ಹದಿನಾರು. ಅದರ ಹಿಂದಿನದೂ. ಓದುಗರು ಬೇರೆ, ಪುಸ್ತಕಗಳು ಬೇರೆ, ಕೊಟ್ಟ ತಾರೀಖುಗಳು ಬೇರೆ. ಮರಳಿದ ದಿನ ಮಾತ್ರ ಒಂದೇ.

ಹನ್ನೆರಡು ವರ್ಷ ಆ ರಿಜಿಸ್ಟರುಗಳನ್ನು ಬರೆದವನ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ? ಕಾರಣ ಸರಳ. ಪುಸ್ತಕ ಮರಳಿದಾಗ ತಾರೀಖು ಬರೆಯುವುದು ಅದನ್ನು ಕೊಟ್ಟ ದಿನದ ಸಾಲಿನಲ್ಲಿ. ಜುಲೈ ಹನ್ನೊಂದಕ್ಕೆ ಒಯ್ದವನ ಸಾಲು ಒಂದು ಪುಟದಲ್ಲಿ, ಜುಲೈ ಇಪ್ಪತ್ತಕ್ಕೆ ಒಯ್ದವನದು ಐದು ಪುಟ ಆಚೆ. ಒಂದೇ ದಿನ ಬಂದ ಹದಿನಾರು ಪುಸ್ತಕ ಎಂಟು ಪುಟಗಳಲ್ಲಿ ಚದುರಿ ಕೂತಿದ್ದವು. ಬೇರೆ ಲೆಕ್ಕದಲ್ಲಿ ಮತ್ತೆ ಬರೆಯುವಾಗ ಅವನ ಕೈಗೆ ಅದು ಸಿಕ್ಕಿತು. ಕಣ್ಣು ಕಾಣದ್ದನ್ನು ಕೈ ಹಿಡಿಯಿತು ಅನ್ನಿ.

ಮಾಮಾನಿಗೆ ಮೊದಲು ಬಂದದ್ದು ತನ್ನ ಮೇಲೆಯೇ ಸಂಶಯ. ತಾನು ಆಲಸ್ಯ ಮಾಡಿ, ಹಿಂದೆ ಬಾಕಿ ಉಳಿದದ್ದನ್ನೆಲ್ಲ ಒಂದೇ ದಿನ ಕೂತು ಬರೆದಿರಬೇಕು ಎಂದುಕೊಂಡ. ಆ ವಾರವೆಲ್ಲ ಮುಖ ಬಾಡಿಸಿಕೊಂಡು ಓಡಾಡಿದ. ಊಟ ಅರ್ಧಕ್ಕೆ ಬಿಟ್ಟ. ಮಾಮಿ ನನ್ನನ್ನು ಕರೆದು, ಇವರಿಗೆ ಯಾವ ಹೆಂಗಸಿನ ಚಿಂತೆ ಹತ್ತೈತಿ ನೋಡು ಎಂದಳು. ಹದಿನಾರನೇ ತಾರೀಖಿನ ಚಿಂತೆ ಎಂದೆ. ಮಾಮಿಗೆ ಸಮಾಧಾನವಾಗಲಿಲ್ಲ.

ಸಹಿಗಳನ್ನು ನೋಡಿದ ಮೇಲೆ ಆ ಸಂಶಯ ಹೋಯಿತು. ಪುಸ್ತಕ ಮರಳಿಸಿದವರು, ತಾರೀಖು ಬಿದ್ದ ಮೇಲೆಯೇ, ಅದೇ ಸಾಲಿನಲ್ಲಿ ಸಹಿ ಮಾಡುತ್ತಿದ್ದರು. ಹದಿನಾರು ಸಾಲಿಗೆ ಹನ್ನೆರಡು ಕೈ, ಹನ್ನೆರಡು ಬಗೆಯ ಸಹಿಯ ವಂಕಿ. ಜನ ನಿಜವಾಗಿಯೂ ಅವತ್ತೇ ಬಂದಿದ್ದರು.

ಮುಂದಿನ ರವಿವಾರ ಮಾಮಾ ಹನ್ನೆರಡು ವರ್ಷದ ಕೆಂಪು ಸಾಲುಗಳನ್ನೆಲ್ಲ ಒಂದೊಂದು ಚೀಟಿಗೆ ಬರೆದು, ಈ ಸಲ ಮರಳಿಸಿದ ದಿನದ ಪ್ರಕಾರ ಜೋಡಿಸಿದ. ಜಾಗ ಸಾಲದೆ ಮಾಮಿಯ ಹಿತ್ತಲ ಕಟ್ಟೆಯ ಮೇಲೆ ಹರವಿ, ಗಾಳಿಗೆ ಹಾರದಂತೆ ಗುಪ್ಪೆಗೊಂದು ಹುಣಸೆ ಬೀಜ ಇಟ್ಟ. ಹಪ್ಪಳ ಒಣಗಿಸುವ ದಿನವೇ ಇದನ್ನು ಮಾಡಬೇಕಿತ್ತೇ ಎಂದು ಮಾಮಿ ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಹೆಚ್ಚಿನ ದಿನಗಳಿಗೆ ಒಂದು ಚೀಟಿ, ಎರಡು ಚೀಟಿ. ಅವು ವರ್ಷವಿಡೀ ಹರಡಿಕೊಂಡಿದ್ದವು. ಅಲ್ಲಲ್ಲಿ ಮಾತ್ರ ದೊಡ್ಡ ಗುಪ್ಪೆ: ಹನ್ನೊಂದು, ಹದಿನಾಲ್ಕು, ಹದಿನಾರು. ಆ ದೊಡ್ಡ ಗುಪ್ಪೆಗಳೆಲ್ಲ ಜುಲೈಯಿಂದ ಸೆಪ್ಟೆಂಬರದ ನಡುವೆ. ಒಂದೂ ಬೇಸಿಗೆಯಲ್ಲಿಲ್ಲ, ಒಂದೂ ಸುಗ್ಗಿಯಲ್ಲಿಲ್ಲ.

ಪುಸ್ತಕದ ಲೇವಾದೇವಿಯ ಈ ರಿಜಿಸ್ಟರಿನಲ್ಲಿ ಓದುಗನ ನಂಬರಷ್ಟೇ ಇರುತ್ತದೆ, ಊರು ಇರುವುದಿಲ್ಲ. ಊರಿರುವುದು ಸದಸ್ಯರ ರಿಜಿಸ್ಟರಿನಲ್ಲಿ, ಅದು ಬೇರೆ ಕಪಾಟಿನಲ್ಲಿ. ಅದನ್ನು ತಂದು ನಂಬರಿನ ಎದುರು ಊರು ಬರೆಯುತ್ತ ಹೋದೆವು. ಹದಿನಾರು ಸಾಲಿನಲ್ಲಿ ಹದಿನೈದು ಹೊಳೆಯಾಚೆಯ ಮೂರು ಹಳ್ಳಿಯವರವು. ಹದಿನಾರನೆಯದು ನಮ್ಮೂರ ಶಾಲೆಯ ಒಬ್ಬ ಮಾಸ್ತರರದು. ಅವರು ಎಲ್ಲ ಋತುವಿನಲ್ಲೂ ತಡವೇ.

ನನಗೆ ಅಷ್ಟರಲ್ಲಿ ಹೊಳೆದುಬಿಟ್ಟಿತ್ತು. ನಿಮಗೂ ಹೊಳೆದಿರಬೇಕು. ದೂಧಗಂಗೆಯ ಮೇಲೆ ಆಗ ಇದ್ದದ್ದು ತಗ್ಗಿನ ಸೇತುವೆ. ಘಟ್ಟದ ಕಡೆ ಮಳೆ ಜೋರಾದರೆ ಅದರ ಮೇಲೆ ನೀರು. ಬಸ್ಸು ಬಂದ್, ಸೈಕಲ್ಲು ಬಂದ್. ಇಳಿದ ಮೇಲೆ ಮತ್ತೊಮ್ಮೆ ಏರುವುದೂ ಉಂಟು. ಒಬ್ಬರಿಗೆ ಒಮ್ಮೆಗೆ ಎರಡು ಪುಸ್ತಕ ಕೊಡುತ್ತಿದ್ದರು. ಮೊದಲ ಪ್ರವಾಹಕ್ಕೆ ಎರಡು ಕೆಂಪು, ಎರಡನೆಯದಕ್ಕೆ ಮತ್ತೊಂದು. ಒಂದೇ ಮಳೆಗಾಲದಲ್ಲಿ ಮೂರು ತುಂಬಿತು, ನಿಯಮದ ಪ್ರಕಾರ ಹೆಸರು ಬಾಗಿಲಿಗೆ.

“ಹೊಳಿ ಬಂದಿರ್ತೈತಿ ಮಾಮಾ,” ಎಂದೆ.

ಆದರೆ ಮಾಮಾ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯೇ? ಹೊಳೆಯಾಚೆಯ ಒಬ್ಬ ಓದುಗ ಅದೇ ಆಗಸ್ಟ್ ಎಂಟರಂದು, ನೀಲಿ ಶಾಯಿಯಲ್ಲಿ, ಹೊತ್ತಿಗೆ ಸರಿಯಾಗಿ ಮರಳಿಸಿದ್ದ. ಸೇತುವೆ ಮುಳುಗಿದ್ದರೆ ಇವನು ಹೇಗೆ ಬಂದ? ಈಜಿಕೊಂಡೇ? ಒಂದು ಸಾಲು ಸುಳ್ಳಾದರೆ ಪೂರ್ತಿ ಮಾತೇ ಸುಳ್ಳು ಎಂದು ಮಾಮಾ ಸಂತೆಯ ದಿನ ಆ ಮನುಷ್ಯನನ್ನು ಹಿಡಿದು, ಏಳೆಂಟು ವರ್ಷದ ಹಿಂದಿನ ಒಂದು ದಿನ ಎಲ್ಲಿದ್ದೆ ಎಂದು ಕೇಳಿದ. ಪೊಲೀಸರು ಕೇಳಿದಂತೆ ಕೇಳಿದ್ದಕ್ಕೆ ಅವನು ಹೆದರಿ, ಹೆಂಡತಿಯ ಚೊಚ್ಚಲ ಹೆರಿಗೆಗೆ ಬಂದು ಇಲ್ಲೇ ಬೀಗರ ಮನೆಯಲ್ಲಿ ಸಿಕ್ಕಿಕೊಂಡಿದ್ದೆ, ಮಗಳಿಗೀಗ ಎಂಟು ತುಂಬಿತು ಎಂದ. ಈಚೆಯ ದಂಡೆಯಲ್ಲಿದ್ದವನಿಗೆ ಹೊಳೆ ಅಡ್ಡ ಬರಲಿಲ್ಲ. ಲೆಕ್ಕ ಮುರಿದಿರಲಿಲ್ಲ, ಗಟ್ಟಿಯಾಗಿತ್ತು.

ಆದರೂ ಸಾಕ್ಷಿ ಬೇಕು ಎಂದ ಮಾಮಾ. ಸೇತುವೆ ಯಾವ ದಿನ ಮುಳುಗಿತು, ಯಾವ ದಿನ ತೆರೆಯಿತು ಎಂದು ಯಾರು ಬರೆದಿಟ್ಟಿರುತ್ತಾರೆ? ಆಗ ನನ್ನ ಕಾರಕೂನಿಕೆ ಕೆಲಸಕ್ಕೆ ಬಂತು. ನಮ್ಮ ಡೈರಿಗೆ ಹೊಳೆಯಾಚೆಯ ಮೂರು ಹಳ್ಳಿಯಿಂದ ದಿನಾ ಕ್ಯಾನು ಬರುತ್ತಿದ್ದವು. ಬಾರದ ದಿನ ವಹಿಯಲ್ಲಿ ಆ ಊರಿನ ಮುಂದೆ ಸೊನ್ನೆ. ಅಧ್ಯಕ್ಷರನ್ನು ಕೇಳಿ ಹಳೆಯ ವಹಿಗಳನ್ನು ಹೊತ್ತು ತಂದೆ. ಮಾಮಾ ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಹಾಲಿನ ವಹಿ ಹಿಡಿದ. ಸೊನ್ನೆ, ಸೊನ್ನೆ, ಸೊನ್ನೆ, ಮೂರು ಊರಿಗೂ ಇಪ್ಪತ್ತೆರಡು ದಿನ ಸೊನ್ನೆ. ಮೊದಲ ಕ್ಯಾನು ಬಂದದ್ದು ಆಗಸ್ಟ್ ಹದಿನೈದರ ಬೆಳಿಗ್ಗೆ.

“ಹದಿನೈದಕ್ಕ ಪೂಲ ತೆರದೈತಿ. ಪುಸ್ತಕ ಹದಿನಾರಕ್ಕ ಯಾಕ ಬಂದ್ವು?” ಎಂದ ಮಾಮಾ. ತಕ್ಷಣ ತಾನೇ ಹಣೆ ಬಡಿದುಕೊಂಡ. ಹದಿನೈದು ಝಂಡಾ ದಿನ. ವಾಚನಾಲಯಕ್ಕೆ ರಜೆ. ಬಾಗಿಲು ಹಾಕಿದವನು ಅವನೇ.

ಉಳಿದ ವರ್ಷಗಳನ್ನೂ ನೋಡಿದೆವು. ಎಲ್ಲೆಲ್ಲಿ ದೊಡ್ಡ ಗುಪ್ಪೆ ಇತ್ತೋ ಅದರ ಹಿಂದಿನ ದಿನಗಳಲ್ಲಿ ಸೊನ್ನೆಗಳ ಸಾಲು. ಮಳೆ ಕಡಿಮೆಯಾದ ಎರಡು ವರ್ಷ ಸೊನ್ನೆಯೂ ಇಲ್ಲ, ಗುಪ್ಪೆಯೂ ಇಲ್ಲ. ಜನ ತಡ ಮಾಡಿರಲಿಲ್ಲ. ನೀರು ಇಳಿದ ಮೊದಲ ದಿನವೇ, ಮನೆಯ ಕೆಲಸ ಬಿಟ್ಟು, ಪುಸ್ತಕ ಹಿಡಿದುಕೊಂಡು ಓಡಿ ಬಂದಿದ್ದರು. ಮಾಮಾ ಒಬ್ಬೊಬ್ಬರಿಗೂ ಟಕ್ ಎಂದು ಕೆಂಪು ಪೆನ್ನು ತೆಗೆದಿದ್ದ.

ಮಾಮಾ ಕಟ್ಟೆಯ ಮೇಲೆ ಕೂತ. ಆಮೇಲೆ ಗುಪ್ಪೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದ. ಹೊಳೆಯಾಚೆಯ ಒಬ್ಬ ಹುಡುಗಿಯದು. ಹೈಸ್ಕೂಲಿಗೆ ಸೇತುವೆ ದಾಟಿ ಬರುತ್ತಿದ್ದವಳು, ವಾರಕ್ಕೆ ಎರಡು ಪುಸ್ತಕ ಮುಗಿಸುತ್ತಿದ್ದವಳು. ಆ ಹದಿನಾರನೇ ತಾರೀಖು ಅವಳು ಎರಡು ಪುಸ್ತಕವನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದು, ಹೊಳಿ ಬಂದಿತ್ತರಿ ಸರ ಎಂದಿದ್ದಳಂತೆ. ಅದಕ್ಕೆ ಇವನು, “ಹೊಳಿ ನಮ್ಮ ಮೆಂಬರ್ ಅಲ್ಲ ತಂಗಿ,” ಎಂದು ಉತ್ತರ ಕೊಟ್ಟ. ಕೂತವರೆಲ್ಲ ನಕ್ಕರು. ಅವಳದು ಅದು ಮೂರನೇ ಕೆಂಪು. ನಿಯಮ ಬರುವ ಮುಂಚೆಯೇ, ನಾಲ್ಕು ಜನಕ್ಕೆ ಪಾಠವಾಗಲಿ ಎಂದು ಮಾಮಾ ಅವಳ ಸದಸ್ಯತ್ವ ರದ್ದು ಮಾಡಿದ್ದ. ಅವಳು ಮತ್ತೆ ಬರಲಿಲ್ಲ.

“ಆ ಮಾತಿಗೆ ನಾನೂ ನಕ್ಕಿದ್ದೆ,” ಎಂದ ಮಾಮಾ. 

ಕಮಿಟಿಯ ಸಭೆಯಲ್ಲಿ ಮಾಮಾ ತಾನೇ ಮಾಡಿದ ನಿಯಮದ ವಿರುದ್ಧ ತಾನೇ ಎದ್ದು ನಿಂತ. ಕಬ್ಬು ಬೆಳೆಯುವ ಅಧ್ಯಕ್ಷರು, ನಿಯಮ ಅಂದರೆ ನಿಯಮ ಎಂದು ನಮಗೆ ಕಲಿಸಿದವರೇ ನೀವು ಎಂದರು. ಅದು ನಿಜವಾದ್ದರಿಂದ ಮಾಮಾ ವಾದ ಮಾಡಲಿಲ್ಲ, ಚೀಟಿಗಳನ್ನೂ ಹಾಲಿನ ವಹಿಗಳನ್ನೂ ಮೇಜಿನ ಮೇಲೆ ಹರವಿದ. ಸೇತುವೆ ಮುಳುಗಿದ ದಿನಗಳನ್ನು ಹದಿನಾಲ್ಕರಲ್ಲಿ ಹಿಡಿಯಬಾರದು ಎಂದ. ಹಾಗೆ ಲೆಕ್ಕ ಹಾಕಿದರೆ ಬಾಗಿಲಿಗೆ ಹಚ್ಚಬೇಕಾದ ಮೂವತ್ತೆಂಟು ಹೆಸರುಗಳಲ್ಲಿ ಮೂವತ್ತನಾಲ್ಕು ಬಿದ್ದುಹೋದವು. ಉಳಿದದ್ದು ನಾಲ್ಕು. ಅಧ್ಯಕ್ಷರು ಆ ನಾಲ್ಕು ಹೆಸರು ಯಾರವು, ಓದಿರಿ ಎಂದರು.

ಮೊದಲನೆಯದು ಅಧ್ಯಕ್ಷರದೇ.

ನಿಯಮ ಸ್ವಲ್ಪ ಸಡಿಲಾಗಬೇಕು ಎಂದು ಸಭೆ ಒಮ್ಮತದಿಂದ ಒಪ್ಪಿತು.

ಚಳಿಗಾಲದಲ್ಲಿ ಮಾಮಾ ಆ ಹುಡುಗಿಯನ್ನು ಹುಡುಕಿಕೊಂಡು ಹೊಳೆಯಾಚೆ ಹೋದ. ಜೊತೆಗೆ ನಾನಿದ್ದೆ. ಅವಳು ಈಗ ಹುಡುಗಿಯಲ್ಲ. ಅದೇ ಊರಲ್ಲಿ ಮದುವೆಯಾಗಿ, ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ನಮ್ಮನ್ನು ನೋಡಿ ಎದ್ದು, ಬರ್ರಿ ಸರ, ಕುಂದರ್ರಿ ಎಂದು ಚಾಪೆ ಹಾಸಿದಳು. ದಾರಿಯುದ್ದಕ್ಕೂ ಮಾಮಾ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿದ್ದ, ನಾನೇ ಕೇಳಿಸಿಕೊಂಡಿದ್ದೆ. ಅಲ್ಲಿ ಕೂತ ಮೇಲೆ ಮಾತಾಡಿದ್ದು ಗೆದ್ದಲಿನ ಬಗ್ಗೆ. ಪುಸ್ತಕಕ್ಕೆ ಗೆದ್ದಲು ಹತ್ತದಂತೆ ಬೇವಿನ ಎಲೆ ಇಡಬೇಕು ಎಂದು ಹತ್ತು ನಿಮಿಷ ಹೇಳಿದ. ಅವಳು ತಾಳ್ಮೆಯಿಂದ ಕೇಳಿದಳು.

ಕೊನೆಗೆ ನಾನೇ ಕೇಳಿದೆ: ಆ ಇಪ್ಪತ್ತೆರಡು ದಿನ ಹೇಗೆ ಕಳೆದಿರಿ?

“ಎರಡ ಪುಸ್ತಕ ಇದ್ದೂವರಿ ಊರಾಗ,” ಎಂದಳು ಅವಳು. “ಮಳ್ಯಾಗ ಯಾರಿಗೂ ಕೆಲಸ ಇದ್ದಿಲ್ಲ. ನಾ ಓದಿ ಹೇಳ್ತಿದ್ದೆ, ಓಣಿ ಮಂದಿ ಕುಂತ ಕೇಳ್ತಿದ್ರು. ಮುಗೀತು ಅಂದ್ರ ಮತ್ತ ಮೊದಲಿಂದ ಓದು ಅಂತಿದ್ರು. ನಾಕ ಸಲ ಓದೀನ್ರಿ ಅವೆರಡ.”

ಮಾಮಾ ಗೆದ್ದಲಿನ ಮಾತು ನಿಲ್ಲಿಸಿದ. ವಾಚನಾಲಯದಲ್ಲಿ ಒಂದು ಹಳೆಯ ಕಬ್ಬಿಣದ ಟ್ರಂಕು ಇದೆ, ಮಳೆಗಾಲದ ಮುಂಚೆ ಅರವತ್ತು ಪುಸ್ತಕ ತುಂಬಿ ಈ ಕಡೆ ಕಳಿಸಿದರೆ ನೀನು ಇಟ್ಟುಕೊಂಡು ಮೂರೂ ಊರಿಗೆ ಕೊಡುತ್ತೀಯಾ ಎಂದು ಕೇಳಿದ. ಅವಳು ಅತ್ತೆಯ ಕಡೆ ನೋಡಿದಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ, ಅದರಾಗ ಕೇಳೂದೇನೈತಿ, ಹೂಂ ಅನ್ನು ಎಂದಳು.

ಜೂನ್ ಮೊದಲ ವಾರ ಟ್ರಂಕು ಟ್ರ್ಯಾಕ್ಟರಿನಲ್ಲಿ ಹೋಯಿತು, ಜೊತೆಗೆ ಒಂದು ಹೊಸ ರಿಜಿಸ್ಟರು. ಮಾಮಾ ಅದಕ್ಕೆ ತನ್ನ ಕೈಯಾರೆ ಗೆರೆ ಎಳೆದ. ಮರಳಿಸಬೇಕಾದ ತಾರೀಖಿನ ಕಾಲಂ ಬಂದಾಗ ಸ್ಕೇಲು ಕೆಳಗಿಟ್ಟ. ಆಮೇಲೆ ಅದರ ತಲೆಯ ಮೇಲೆ ‘ಹೊಳೆ ಇಳಿದ ಮೇಲೆ’ ಎಂದು ಬರೆದ. ಮಾಮಿ ಅದನ್ನು ನೋಡಿ, ಮೈಯಾಗ ಆರಾಮ ಅದೀರಲ್ರಿ ಎಂದು ಹಣೆ ಮುಟ್ಟಿ ನೋಡಿದಳು.

ಆ ವರ್ಷ ಹತ್ತೊಂಬತ್ತು ದಿನ ಸೇತುವೆಯ ಮೇಲೆ ನೀರಿತ್ತು. ದಿನಾ ಡೈರಿಗೆ ಬಂದು ನನ್ನ ವಹಿಯಲ್ಲಿ ಸೊನ್ನೆ ನೋಡಿಕೊಂಡು ಹೋಗುತ್ತಿದ್ದ ಮಾಮಾ. ಹಾಲಿನ ಮೊದಲ ಕ್ಯಾನು ಬಂದ ಬೆಳಿಗ್ಗೆ ಹೆಗಲಿಗೆ ಒಂದು ಚೀಲ ಹಾಕಿಕೊಂಡು ಸೇತುವೆಗೆ ಹೊರಟ. ಡೈರಿಯ ಕೆಲಸ ಬಿಟ್ಟು ನಾನೂ ಹಿಂದೆ ಹೋದೆ. ಸೇತುವೆಯ ಮೇಲೆಲ್ಲ ರಾಡಿ, ಕಟ್ಟಿಗೆ, ಕಬ್ಬಿನ ಗರಿ, ರವದಿ. ಆ ಕಡೆಯಿಂದ ಅವಳು ನಡೆದು ಬಂದಳು, ಕಂಕುಳಲ್ಲಿ ರಿಜಿಸ್ಟರು. ಟ್ರಂಕು ಟ್ರ್ಯಾಕ್ಟರಿನಲ್ಲಿ ಹಿಂದೆ ಬರುತ್ತದೆ, ಅರವತ್ತಕ್ಕೆ ಅರವತ್ತೂ ಇವೆ ಎಂದಳು.

ಮಾಮಾ ನಿಂತಲ್ಲೇ ರಿಜಿಸ್ಟರು ತೆರೆದ. ಹತ್ತು ಪುಟ ತುಂಬಿತ್ತು. ಸಹಿಗಳ ನಡುವೆ ಒಂದು ಹೆಬ್ಬೆಟ್ಟು ಮತ್ತೆ ಮತ್ತೆ ಬಂದಿತ್ತು. ಅದು ಅವಳ ಅತ್ತೆಯದು, ಹಿರಿಯ ಮಗನ ಮಗಳ ಕೈಲಿ ಓದಿಸಿಕೊಂಡು ಕೇಳುತ್ತಾಳಂತೆ. ಷರಾ ಕಾಲಂ ಎಲ್ಲೂ ಖಾಲಿ ಇರಲಿಲ್ಲ. ಹರಿದ ಹಾಳೆ, ಚಹಾದ ಕಲೆ ಎಂದೇನೂ ಅಲ್ಲಿ ಬರೆದಿರಲಿಲ್ಲ. ‘ಅತ್ತರು’ ಎಂದಿತ್ತು. ‘ನಕ್ಕು ನಕ್ಕು ಸಾಕಾಯಿತು.’ ‘ಕೊನೆ ಒಪ್ಪಲಿಲ್ಲ, ನನ್ನ ಜೊತೆ ಜಗಳ ತೆಗೆದರು.’ ‘ಇದನ್ನೇ ಮತ್ತೆ ಬೇಡುತ್ತಾರೆ.’

ಮಾಮಾ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದ. ನಾಲ್ಕನೇ ಪುಟಕ್ಕೆ ನಿಲ್ಲಿಸಿದ. ರಿಜಿಸ್ಟರು ನನ್ನ ಕೈಗೆ ಕೊಟ್ಟು, ತನ್ನ ಚೀಲದಿಂದ ಟಾವೆಲಿನಲ್ಲಿ ಸುತ್ತಿದ ಇನ್ನೊಂದು ರಿಜಿಸ್ಟರು ತೆಗೆದ. ಒಂಬತ್ತು ವರ್ಷದ ಹಳೆಯದು. ಅವಳ ಸಾಲಿನ ಪುಟಕ್ಕೆ ದಾರ ಇಟ್ಟಿದ್ದ. ಸೇತುವೆಯ ಕಲ್ಲಿನ ಮೇಲೆ ಅದನ್ನಿಟ್ಟು, ಬಗ್ಗಿ, ಅವಳ ಸಹಿಯ ಮುಂದಿನ ಖಾಲಿ ಷರಾದಲ್ಲಿ ನೀಲಿ ಶಾಯಿಯಿಂದ ಬರೆದ: ‘ಹೊಳೆ ಬಂದಿತ್ತು. ಓದುಗರದು ತಪ್ಪಿಲ್ಲ. ತಪ್ಪು ನನ್ನದು.’ ಕೆಳಗೆ ಸಹಿ ಮಾಡಿ, ಅವಳ ಕಡೆ ತಿರುಗಿಸಿದ.

ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಬೆರಳಿಟ್ಟು, ಎರಡು ಸಲ ಓದಿದಳು. ಕಣ್ಣು ಒದ್ದೆಯಾಗಿತ್ತು. ಆದರೂ ರಿಜಿಸ್ಟರನ್ನು ಮತ್ತೆ ಅವನ ಕಡೆ ಸರಿಸಿದಳು.

“ತಾರೀಖ ಹಾಕ್ರಿ ಸರ,” ಎಂದಳು.

ಮಾಮಾ ತಾರೀಖು ಹಾಕಿದ.